ಮೂರನೇ ಸಾಲಿನ ಹುಡುಗ

ಗಾಂಧಿಪುರಂನಲ್ಲಿ ನಮ್ಮ ಬೀದಿಯಲ್ಲೇ ಇರುವ, ಮನೆಯಲ್ಲಿ ಕನ್ನಡವಾಡುವ ದೇವಾಂಗ ಕುಟುಂಬದ ತಾಯಿಯೊಬ್ಬರು ಕೇಳಿದರು: "ಅಣ್ಣಾ, ಮಗನ ಕ್ಲಾಸ್ ಫೋಟೋ ಬಂದಿದೆ. ಮೂರನೇ ಸಾಲಿನಲ್ಲಿರೋ ಹುಡುಗ ವರ್ಷವೆಲ್ಲ ಇವನಿಗೆ ಕಾಟ ಕೊಟ್ಟಿದ್ದಾನೆ. ಅವನೊಬ್ಬನನ್ನ ತೆಗೆದು ನೆಂಟರಿಗೆ ಕಳಿಸಿದರೆ ತಪ್ಪಾ?"

ತೆಗೆಯುವುದಂತೂ ಈಗ ಸಲೀಸು. ಫೋನಿನಲ್ಲಿ ಬೆರಳಿಂದ ಗುರುತು ಮಾಡಿದರೆ ಹುಡುಗ ಮಾಯವಾಗಿ, ಅವನಿದ್ದ ಜಾಗದಲ್ಲಿ ಗೋಡೆಯೋ ಪಕ್ಕದವನ ತೋಳೋ ತುಂಬಿಕೊಳ್ಳುತ್ತದೆ. ಅವನ ಹಿಂದೆ ಏನಿತ್ತೋ ಕ್ಯಾಮೆರಾ ಕಂಡಿರಲಿಲ್ಲ. ಆ ಗೋಡೆ ಫೋನು ಊಹಿಸಿ ಬರೆದದ್ದು. ಊಹೆ ತಪ್ಪಿದಾಗ ಯಾರ ಹೆಗಲ ಮೇಲೋ ಒಡೆಯನಿಲ್ಲದ ನಾಲ್ಕು ಬೆರಳು ಉಳಿಯುತ್ತವೆ, ಬೆಂಚಿನ ಕೆಳಗೆ ಒಂದು ಜೋಡಿ ಶೂ ಹೆಚ್ಚಾಗಿರುತ್ತದೆ. ಇದೆಲ್ಲ ಸರಿಹೋದರೂ ಫೋಟೋ ಅಂಟಿಸಿದ ರಟ್ಟಿನ ಕೆಳಗೆ ಎಡದಿಂದ ಬಲಕ್ಕೆ ಅಚ್ಚಾದ ಹೆಸರುಗಳಿರುತ್ತವೆ. ಒಬ್ಬನನ್ನು ಅಳಿಸಿದ ಕೂಡಲೇ ಅಲ್ಲಿಂದಾಚೆಗಿನ ಪ್ರತಿ ಹೆಸರೂ ಒಂದು ಮುಖ ಆಚೆ ಸರಿಯುತ್ತದೆ. ಇಪ್ಪತ್ತು ವರ್ಷದ ನಂತರ ಯಾರಾದರೂ ಬೆರಳಿಟ್ಟು ಓದಿದರೆ ಪಕ್ಕದ ಹುಡುಗನನ್ನು ಅಳಿಸಿದವನ ಹೆಸರಿನಿಂದ ಗುರುತಿಸುತ್ತಾರೆ.

ನನ್ನ ಆಕ್ಷೇಪ ಇರುವುದು ಇಲ್ಲೇ. ಗ್ರೂಪ್ ಫೋಟೋ ಬರೀ ಮುಖಗಳ ಗುಂಪಲ್ಲ. ಮುಂದಿನ ಸ್ಲೇಟಿನ ಮೇಲೆ ತರಗತಿ, ಸೆಕ್ಷನ್, ವರ್ಷ ಬರೆದಿರುತ್ತದೆಯಲ್ಲ, ಆ ವರ್ಷ ಈ ಕ್ಲಾಸಿನಲ್ಲಿದ್ದವರು ಇವರು ಎಂದು ಅದು ಹೇಳುತ್ತದೆ. ಒಬ್ಬನನ್ನು ಗುರುತೇ ಸಿಗದ ಹಾಗೆ ಅಳಿಸಿದರೆ ಆ ಮಾತು ಸುಳ್ಳಾಗುತ್ತದೆ, ಆದರೂ ಸ್ಲೇಟು ಅದನ್ನೇ ಹೇಳುತ್ತಿರುತ್ತದೆ. ಮುಖದ ಮೇಲೆ ಸ್ಟಿಕ್ಕರ್ ಇಟ್ಟಾಗ ಹೀಗಾಗುವುದಿಲ್ಲ. ಇಲ್ಲೊಬ್ಬ ಇದ್ದಾನೆ, ತೋರಿಸುತ್ತಿಲ್ಲ ಎಂದು ಅದು ಒಪ್ಪಿಕೊಳ್ಳುತ್ತದೆ. ಕತ್ತರಿಸಿದ ಚಿತ್ರವೂ ಹಾಗೆಯೇ. ಮಗ ಮತ್ತು ಅಕ್ಕಪಕ್ಕದ ಇಬ್ಬರು ಗೆಳೆಯರಷ್ಟೇ ಉಳಿದರೆ ಅದು ಇಡೀ ಕ್ಲಾಸೆಂದು ಯಾರೂ ತಿಳಿಯುವುದಿಲ್ಲ.

"ನಮ್ಮ ಮನೆಯವರಿಗಷ್ಟೇ ಕಳಿಸೋದು, ಯಾರಿಗೇನು ನಷ್ಟ?" ಎಂದರು ಆ ತಾಯಿ. ನೆಂಟರ ಗ್ರೂಪಿನಲ್ಲಿದ್ದದ್ದು ಸ್ಟೇಟಸ್‌ಗೆ ಹೋಗಿ, ಸ್ಟೇಟಸ್‌ನಿಂದ ಕ್ಲಾಸಿನ ತಾಯಂದಿರ ಗ್ರೂಪಿಗೆ ಬರುವುದಕ್ಕೆ ಒಂದು ಸಂಜೆ ಸಾಕು. ಆಗ ತನ್ನ ಜಾಗದಲ್ಲಿ ಗೋಡೆ ಕಾಣುವುದು ಒಂದು ಮಗುವಿಗೆ. ಕಾಟ ಕೊಟ್ಟವನಾದರೂ ಮಗುವೇ.

ಚಿತ್ರವನ್ನು ತಿದ್ದದೆಯೂ ಈ ನೋವು ಕೊಡಬಹುದು. 2024ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಅಬೋಯ್ನ್ ಪ್ರಾಥಮಿಕ ಶಾಲೆಯ ಪೋಷಕರಿಗೆ ಕ್ಲಾಸ್ ಫೋಟೋ ಕೊಳ್ಳಲು ಲಿಂಕ್ ಬಂತು. ತೆರೆದು ನೋಡಿದರೆ ಎರಡು ಬಗೆ: ವಿಶೇಷ ಅಗತ್ಯದ ಮಕ್ಕಳಿರುವುದು ಒಂದು, ಅವರಿಲ್ಲದ್ದು ಇನ್ನೊಂದು. ಇಲ್ಲಿ ಯಾರನ್ನೂ ಅಳಿಸಿರಲಿಲ್ಲ. ಎರಡು ಸಲ ಕ್ಲಿಕ್ ಮಾಡಿದ್ದರು, ಎರಡೂ ನಿಜವಾದ ಚಿತ್ರಗಳೇ. ಆದರೂ ಪೋಷಕರು ಸಿಟ್ಟಾದರು, ಫೋಟೋ ತೆಗೆದವರು ಕ್ಷಮೆ ಕೇಳಬೇಕಾಯಿತು. ನಿನ್ನನ್ನು ಬಿಟ್ಟೂ ಕ್ಲಾಸ್ ಪೂರ್ತಿಯಾಗುತ್ತದೆ ಎಂದು ಮಗುವಿಗೆ ಹೇಳಿದಂತಾಗಿತ್ತು. ಹಾಗಾಗಿ, ಆ ಹುಡುಗ ರಜೆ ಹಾಕಿದ ದಿನ ತೆಗೆದ ಫೋಟೋ ಹುಡುಕಿ ಅದನ್ನೇ ಕ್ಲಾಸ್ ಫೋಟೋ ಎಂದು ಹಂಚಿದರೂ ನನ್ನ ಉತ್ತರ ಬದಲಾಗದು.

ಮರೆಮಾಡಲೇಬೇಕಾದ ಸಂದರ್ಭ ಬೇರೆ. ಆ ಮಗುವಿನ ಅಪ್ಪ ಅಮ್ಮನೇ ನಮ್ಮವನ ಮುಖ ಎಲ್ಲೂ ಹಾಕಬೇಡಿ ಎಂದರೆ ಹಾಕಬಾರದು, ಕಾರಣ ಕೇಳುವ ಅಗತ್ಯವೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ದೌರ್ಜನ್ಯಕ್ಕೊಳಗಾದ ಅಥವಾ ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಗುವಿನ ಗುರುತು ಸಿಗುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು ತಡೆಯುತ್ತದೆ. ತೊಡಕು ಏನೆಂದರೆ ನಾನು ಮೆಚ್ಚಿದ ಸ್ಟಿಕ್ಕರ್ ಇಲ್ಲಿ ಕೈಕೊಡುತ್ತದೆ. ನಲವತ್ತು ಮುಖಗಳ ನಡುವೆ ಒಂದೇ ಮುಖ ಮುಚ್ಚಿದ್ದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಊರಿನವರಿಗೆ ಅವನ ಜಾಗವೇ ಹೆಸರು ಹೇಳಿಬಿಡುತ್ತದೆ. ಹಾಗಾದರೆ ಅಳಿಸುವುದೇ ಕರುಣೆಯಲ್ಲವೇ ಎಂದು ಕೇಳಬಹುದು. ಅಲ್ಲ ಎನ್ನುತ್ತೇನೆ, ಸ್ವಲ್ಪ ಅಳುಕಿನಿಂದಲೇ: ಅಳಿಸದೆ, ಮುಚ್ಚದೆ ಇರುವ ಮೂರನೇ ದಾರಿಯೊಂದು ಇದ್ದೇ ಇದೆ. ಆ ಫೋಟೋ ಹಂಚದಿರುವುದು. ಆ ಮನೆಯವರೇ ಅಳಿಸಿ ಕಳಿಸಿ ಎಂದರೆ ಮಾತ್ರ ಬೇರೆ ಮಾತು. ಆಗಲೂ ಒಬ್ಬರನ್ನು ತೆಗೆದಿದೆ ಎಂದು ಕೆಳಗೊಂದು ಸಾಲು ಬರೆಯಬಹುದೇ ಎಂದು ಅವರನ್ನೇ ಕೇಳಬೇಕು.

ನಮ್ಮ ಬೀದಿಯ ತಾಯಿಗೆ ಇದಾವುದೂ ಬೇಕಿಲ್ಲ. ಮಗನಿಗೆ ಆ ಮುಖ ನೋಡಲಾಗುವುದಿಲ್ಲ ಎನ್ನುವುದು ನಿಜವಾದ ಕಷ್ಟ, ಅದನ್ನು ನಾನು ತಳ್ಳಿಹಾಕಲಾರೆ. ಮನೆಯ ಗೋಡೆಗೆ ಅವನಿಗೆ ಬೇಕಾದಷ್ಟನ್ನೇ ಕತ್ತರಿಸಿ ಹಾಕಿಕೊಡಿ, ನೆಂಟರಿಗೂ ಅದನ್ನೇ ಕಳಿಸಿ, ಸ್ಲೇಟು ಕಾಣದ ಹಾಗೆ ಕತ್ತರಿಸಿ. ಮೂಲ ಫೋಟೋ ಮುಟ್ಟದೆ ಎತ್ತಿಡಿ. ಕಾಟದ ವಿಷಯ ಕ್ಲಾಸ್ ಟೀಚರಿಗೆ ತಿಳಿಸಿದ್ದೀರಾ ಎಂದು ಕೇಳಿದೆ. ಇನ್ನೂ ಇಲ್ಲವಂತೆ.