ಬೇಡ ಎನ್ನಲು ಒಂದು ಹಾಳೆ

ಮಧುಗಿರಿಯಿಂದ ಪಾವಗಡದ ಕಡೆ ಹೋಗುವಾಗ ಸಿಗುವ ಮಿಡಿಗೇಶಿಯ ಸುತ್ತಿನ ಹಳ್ಳಿಗಳಲ್ಲಿ, ಕಾಗದ ಹಿಡಿದು ಮನೆ ಬಾಗಿಲಿಗೆ ಬಂದವರೆಲ್ಲ ‘ಸರ್ವೆಯೋರು’. ಬೆಳೆ ನಷ್ಟ ಬರೆದುಕೊಳ್ಳಲು, ಪಡಿತರ ಚೀಟಿ ತಿದ್ದಲು, ಸಂಘದ ಸಾಲ ಕೊಡಲು ಬಂದವರೆಲ್ಲ ಕೊನೆಗೆ ಕೇಳುವುದು ಸಹಿಯನ್ನೇ. ಸಹಿ ಹಾಕಿದರೆ ಏನೋ ಬರುತ್ತದೆ, ಹಾಕದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂಬುದು ಇಲ್ಲಿ ಅನುಭವದಿಂದ ಬಂದ ತಿಳಿವಳಿಕೆ.

ಇಂಥ ಊರಿಗೆ ಪದವಿ ತರಗತಿಯ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆಂದು ಬರುತ್ತಾಳೆ ಎಂದಿಟ್ಟುಕೊಳ್ಳಿ. ವಿಷಯ, ಬತ್ತಿದ ಕೊಳವೆಬಾವಿ ಮತ್ತು ಕಡಲೆಕಾಯಿ ಬೆಳೆಯುವವರ ಸಾಲ. ಕೈಯಲ್ಲಿ ಎರಡು ಹಾಳೆ. ಒಂದು ಮಾಹಿತಿ ಪತ್ರ: ತಾನು ಯಾರು, ಯಾವ ಕಾಲೇಜು, ಏನು ಕೇಳುತ್ತೇನೆ, ಎಷ್ಟು ಹೊತ್ತು, ಧ್ವನಿಮುದ್ರಣ ಯಾರ ಬಳಿ ಇರುತ್ತದೆ, ಯಾವಾಗ ಅಳಿಸುತ್ತೇನೆ, ದೂರಿದ್ದರೆ ಯಾರಿಗೆ ಫೋನ್ ಮಾಡಬೇಕು. ಇನ್ನೊಂದು ಒಪ್ಪಿಗೆ ಪತ್ರ. ಅಜ್ಜಿಯೊಬ್ಬರು ಎರಡನ್ನೂ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿ ಕೇಳುತ್ತಾರೆ: “ದುಡ್ಡು ಯಾವಾಗ ಬರ್ತೈತವ್ವಾ?”

ಇಲ್ಲಿ ಒಪ್ಪಿಗೆ ಸಿಕ್ಕಿತೇ? ಕಡತ ‘ಹೌದು’ ಎನ್ನುತ್ತದೆ. ನನ್ನ ಪ್ರಕಾರ ಸಿಕ್ಕಿಲ್ಲ. ಅಜ್ಜಿ ಒಪ್ಪಿದ್ದು ಪರಿಹಾರದ ಅರ್ಜಿಗೆ, ಹುಡುಗಿಯ ಪ್ರಾಜೆಕ್ಟಿಗಲ್ಲ.

ನಾಜಿ ವೈದ್ಯರ ವಿಚಾರಣೆಯ ಬಳಿಕ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆ ಸ್ವಇಚ್ಛೆಯ ಒಪ್ಪಿಗೆಯನ್ನು ಮೊದಲ ಷರತ್ತಾಗಿಸಿತು. ಅಮೆರಿಕದ 1979ರ ಬೆಲ್ಮಾಂಟ್ ವರದಿ ಅದನ್ನು ಮೂರಾಗಿ ಬಿಡಿಸಿತು: ಹೇಳಬೇಕು, ಅದು ಅರ್ಥವಾಗಬೇಕು, ಒತ್ತಾಯ ಇರಬಾರದು. ಸಹಿ ಹೆಚ್ಚೆಂದರೆ ಮೊದಲನೆಯದಕ್ಕೆ ಸಾಕ್ಷಿ. ಓದು ಬಾರದವರ ಹೆಬ್ಬೆಟ್ಟಿನ ಜೊತೆ ಪಕ್ಷಪಾತವಿಲ್ಲದ ಸಾಕ್ಷಿಯ ಸಹಿಯೂ ಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಅದು ಆರೋಗ್ಯ ಸಂಶೋಧನೆಗೆ ಬರೆದದ್ದಾದರೂ ಇಲ್ಲಿಗೂ ಒಳ್ಳೆಯ ನಿಯಮವೇ. ಆದರೆ ಆ ಸಾಕ್ಷಿ ಊರಿನ ಪಂಚಾಯಿತಿ ಸದಸ್ಯನೇ ಆಗಿಬಿಟ್ಟರೆ? ಅವನೆದುರು ‘ಒಲ್ಲೆ’ ಎನ್ನುವುದು ಅಜ್ಜಿಗೆ ಇನ್ನೂ ಕಷ್ಟ.

ಹಾಗಾಗಿ ಪರೀಕ್ಷೆ ಸಹಿಗಿಂತ ಮೊದಲೇ ಆಗಬೇಕು. ಹಾಳೆ ಓದಿದ ಮೇಲೆ “ಅರ್ಥ ಆಯ್ತಾ ಅಜ್ಜಿ?” ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. “ನಾನು ಯಾಕೆ ಬಂದಿದೀನಿ ಅಂತ ಅಂದ್ಕೊಂಡ್ರಿ? ಇದ್ರಿಂದ ನಿಮಗೇನು ಸಿಗುತ್ತೆ?” ಎಂದು ಕೇಳಿ ನೋಡಿ. ಉತ್ತರದಲ್ಲಿ ಸಾಲಮನ್ನಾ ಬಂದರೆ ಹಾಳೆ ಮುಚ್ಚಿ ಮೊದಲಿಂದ ಹೇಳಬೇಕು. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಅಲ್ಲಿ ಪುಸ್ತಕದ ಕನ್ನಡದ ಹಾಳೆ ಇನ್ನೂ ದೂರ. ‘ಸರ್ಕಾರದಿಂದ ಬಂದಿಲ್ಲ, ಏನೂ ಸಿಗೋದಿಲ್ಲ, ಮಾತಾಡದಿದ್ರೂ ಏನೂ ಹೋಗೋದಿಲ್ಲ’ ಎಂಬ ಮಾತು ಪತ್ರದ ಕೊನೆಯಲ್ಲಲ್ಲ, ಮೊದಲ ಸಾಲಿನಲ್ಲಿರಬೇಕು.

ಇನ್ನು ‘ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ’ ಎಂಬ ಭರವಸೆ. ಎಂ.ಎನ್. ಶ್ರೀನಿವಾಸರು ತಾವು 1948ರಲ್ಲಿ ಅಧ್ಯಯನ ಮಾಡಿದ ಮೈಸೂರು ಸೀಮೆಯ ಕೊಡಗಹಳ್ಳಿಗೆ ರಾಂಪುರ ಎಂದು ಹೆಸರಿಟ್ಟು ಬರೆದರು. ಆದರೂ ನಿಜವಾದ ಊರು ಯಾವುದೆಂದು ಓದುಗರಿಗೆ ತಿಳಿದೇ ಇದೆ. ‘ನಾಲ್ಕು ಬೋರು ಕೊರೆಸಿ ನಾಲ್ಕೂ ಸೋತ, ಮಗನನ್ನು ಬೆಂಗಳೂರಿಗೆ ಕಳಿಸಿದ ವಿಧವೆ’ ಎಂದು ಬರೆದರೆ ಹೆಸರು ತೆಗೆದು ಪ್ರಯೋಜನವಿಲ್ಲ. ಸಾಲ ಕೊಟ್ಟವನಿಗೆ ಅಷ್ಟೇ ಸಾಕು. ಕೊಡಬಹುದಾದ ಭರವಸೆ ಇಷ್ಟೇ: ಹೊರಗಿನವರಿಗೆ ಗೊತ್ತಾಗದಂತೆ ವಿವರ ಬದಲಿಸುತ್ತೇನೆ, ಊರಿನವರು ಗುರುತಿಸಬಹುದು. ಇದನ್ನು ಕೇಳಿ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ, ಆ ಮಾತು ಇರುವುದೇ ಅದಕ್ಕೆ. ತಮಾಷೆಯೆಂದರೆ, ಹೆಸರನ್ನೂ ಮಾತನ್ನೂ ಒಟ್ಟಿಗೆ ಕಟ್ಟುವ ಏಕೈಕ ದಾಖಲೆ ಹಲವು ಸಲ ಆ ಒಪ್ಪಿಗೆ ಪತ್ರವೇ. ಅದನ್ನು ಧ್ವನಿಮುದ್ರಣದಿಂದ ಬೇರೆಡೆ ಇಡದಿದ್ದರೆ ರಕ್ಷಣೆಗೆಂದು ಬರೆದ ಕಾಗದವೇ ಚಾಡಿ ಹೇಳುತ್ತದೆ.

‘ಯಾವಾಗ ಬೇಕಾದರೂ ಹಿಂದೆ ಸರಿಯಬಹುದು’ ಎಂಬುದೂ ಅರ್ಧ ಸುಳ್ಳು. ವರದಿ ಸಲ್ಲಿಸಿದ ಮೇಲೆ ಏನನ್ನು ತೆಗೆಯುವುದು? ದಿನಾಂಕ ಬರೆಯಿರಿ: ಇಂಥ ದಿನದವರೆಗೆ ಹೇಳಿದರೆ ಅಳಿಸುತ್ತೇನೆ, ಆಮೇಲೆ ಆಗದು. ಮಾಹಿತಿ ಪತ್ರದ ಒಂದು ಪ್ರತಿ ಅಜ್ಜಿಯ ಮನೆಯಲ್ಲೇ ಉಳಿಯಬೇಕು, ಫೋನ್ ನಂಬರು ದೊಡ್ಡ ಅಂಕಿಗಳಲ್ಲಿರಬೇಕು. ಇಲ್ಲದಿದ್ದರೆ ಆ ಹಕ್ಕು ಕಾಲೇಜಿನ ಕಪಾಟಿನಲ್ಲಿದೆ.

ಹಾಗಾದರೆ ಕಾಗದವೇ ಬೇಡವೇ ಎಂದರೆ, ಬೇಕು. ಬಾಯಿಮಾತನ್ನು ಹುಡುಗಿ ಮರೆಯಬಹುದು. ಕಾಗದವಿದ್ದರೆ ಅಜ್ಜಿಯ ಮೊಮ್ಮಗ ಅದನ್ನು ಹಿಡಿದು ಕಾಲೇಜಿಗೆ ಬರಬಹುದು. ಆದರೆ ಒಪ್ಪಿಗೆಯ ಗುಣವನ್ನು ಸಹಿಗಳ ಎಣಿಕೆಯಿಂದ ಅಳೆಯಲಾಗದು. ಪ್ರಾಜೆಕ್ಟ್ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಒಂದೇ: ಮೌಖಿಕ ಪರೀಕ್ಷೆಯಲ್ಲಿ ಎಷ್ಟು ಸಹಿ ಸಿಕ್ಕಿತೆಂದು ಕೇಳುವ ಮೊದಲು, ಎಷ್ಟು ಜನ ಬೇಡವೆಂದರು ಎಂದು ಕೇಳಿ. ಒಬ್ಬರೂ ಬೇಡವೆನ್ನಲಿಲ್ಲ ಎಂಬ ಉತ್ತರ ಬಂದರೆ, ಆ ವಿದ್ಯಾರ್ಥಿಗೆ ಅಂಕ ಕೊಡುವ ಮುನ್ನ ಅವರು ಊರಿನಲ್ಲಿ ಏನು ಹೇಳಿ ಸಹಿ ಹಾಕಿಸಿಕೊಂಡರೆಂದು ವಿಚಾರಿಸಿ.