ಬೀಗದಕೈ ಅಂಚೆಯಲ್ಲಿ ಬರುವುದಿಲ್ಲ

ಜರ್ಮನಿಗೆ ಓದಲು ಹೊರಟ ಮಕ್ಕಳ ಮನೆಗಳಲ್ಲಿ ಜುಲೈ, ಆಗಸ್ಟ್ ಬಂತೆಂದರೆ ಒಂದೇ ಚಿಂತೆ. ಪ್ರವೇಶಪತ್ರ ಬಂದಿದೆ, ವೀಸಾ ಕೈಸೇರುತ್ತಿದೆ, ಆದರೆ ಉಳಿದುಕೊಳ್ಳಲು ಜಾಗವಿಲ್ಲ. ಅಲ್ಲಿ ಚಳಿಗಾಲದ ಸೆಮಿಸ್ಟರಿನ ತರಗತಿಗಳು ಅಕ್ಟೋಬರಿನಲ್ಲಿ ಶುರು. ಮಗ ಅಥವಾ ಮಗಳು ವಿಮಾನ ಹತ್ತುವ ಮೊದಲೇ ವರ್ಷದ ಮನೆ ಗೊತ್ತಾಗಿಬಿಡಲಿ ಎಂದು ಹೆತ್ತವರು ಹಂಬಲಿಸುತ್ತಾರೆ. ಬಾಡಿಗೆಯ ಹೆಸರಿನಲ್ಲಿ ಮೋಸ ಮಾಡುವವರು ಹೊಂಚು ಹಾಕುವುದು ಈ ಹಂಬಲಕ್ಕೇ.

ಮ್ಯೂನಿಕ್ ನಗರವನ್ನೇ ನೋಡೋಣ. ಮೂರು ನಾಲ್ಕು ಜನ ಸೇರಿ ಹಂಚಿಕೊಳ್ಳುವ ಮನೆಯಲ್ಲಿ ಒಂದು ಕೋಣೆಗೆ ಈಗ ತಿಂಗಳಿಗೆ 800 ಯೂರೊ ಆಸುಪಾಸು ಬಾಡಿಗೆ ಇದೆ. ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಷ್ಟುಡೀರೆಂಡೆನ್‌ವೆರ್ಕ್ ನಡೆಸುವ ನಿಲಯಗಳಲ್ಲಿ ಬಾಡಿಗೆ ಬಹಳ ಕಡಿಮೆ. 1972ರ ಒಲಿಂಪಿಕ್ಸ್ ಕ್ರೀಡಾಪಟುಗಳಿಗೆಂದು ಕಟ್ಟಿದ ಊರಿನ ಒಂದು ಭಾಗವೂ ಇಂದು ಅಂಥ ನಿಲಯವೇ. ಆದರೆ ಅಲ್ಲಿ ಸರದಿ ಬರಲು ಕೆಲವು ಸೆಮಿಸ್ಟರ್ ಕಾಯಬೇಕಾಗಬಹುದು. ಹಾಗಾಗಿ ಅರ್ಜಿಯನ್ನು ಪ್ರವೇಶ ಸಿಕ್ಕ ದಿನವೇ ಹಾಕಬೇಕು, ಆದರೆ ಮೊದಲ ತಿಂಗಳುಗಳಿಗೆ ಅದನ್ನೇ ನೆಚ್ಚಿಕೊಂಡು ಕೂರಬಾರದು.

ಇಂಥ ಊರಿನಲ್ಲಿ, ವಿಶ್ವವಿದ್ಯಾಲಯದಿಂದ ಹತ್ತು ನಿಮಿಷ ದೂರದಲ್ಲಿ, ಅಂದವಾದ ಒಂಟಿ ಕೋಣೆಯ ಮನೆ 450 ಯೂರೊಗೆ ಇದೆ ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ ಎಂದುಕೊಳ್ಳಿ. ವಿಚಾರಿಸಿದರೆ ಮರುದಿನವೇ ಉದ್ದನೆಯ ಮೇಲ್ ಬರುತ್ತದೆ. ಬರೆದವರು ವೈದ್ಯರು ಅಥವಾ ಎಂಜಿನಿಯರ್. ಮಗಳ ಓದಿಗೆಂದು ಕೊಂಡ ಮನೆ, ಅವಳ ಓದು ಮುಗಿದಿದೆ, ತಾವು ಈಗ ಲಂಡನ್ನಿನಲ್ಲಿದ್ದೇವೆ. ಬಾಡಿಗೆಗಿಂತ ತಮಗೆ ಮನೆಯನ್ನು ಚೆನ್ನಾಗಿ ನೋಡಿಕೊಳ್ಳುವವರು ಮುಖ್ಯ. ಎರಡು ತಿಂಗಳ ಠೇವಣಿ, ಒಂದು ತಿಂಗಳ ಬಾಡಿಗೆ ಕಳಿಸಿದರೆ ಬೀಗದಕೈ ಕೊರಿಯರ್‌ನಲ್ಲಿ ಬರುತ್ತದೆ, ಮನೆ ಹಿಡಿಸದಿದ್ದರೆ ಹಣ ವಾಪಸ್. ಜೊತೆಗೆ ಪಾಸ್‌ಪೋರ್ಟಿನ ಪ್ರತಿ, ಸಹಿ ಹಾಕಿದ ಕರಾರು. ಒಟ್ಟು 1,350 ಯೂರೊ, ಅಂದರೆ ಒಂದೂಕಾಲು ಲಕ್ಷ ರೂಪಾಯಿಗೂ ಹೆಚ್ಚು.

ಇದರಲ್ಲಿ ಹೆಚ್ಚಿನವರು ಮೋಸಹೋಗುವುದು ಆ ಪಾಸ್‌ಪೋರ್ಟಿನ ಪ್ರತಿಗೆ. ಅದು ನಿಜವಾದ ಪಾಸ್‌ಪೋರ್ಟೇ ಇರಬಹುದು, ಆದರೆ ಬರೆದವನದ್ದಲ್ಲ. ಹಿಂದೆ ಮನೆ ಕೇಳಿಕೊಂಡು ಬಂದ ಇನ್ಯಾರೋ ನಂಬಿ ಕಳಿಸಿದ್ದು. ಈಗ ನೀವು ನಿಮ್ಮದನ್ನು ಕಳಿಸಿದರೆ ಮುಂದಿನವರನ್ನು ನಂಬಿಸಲು ಅದೇ ಬಳಕೆಯಾಗುತ್ತದೆ. ಆದ್ದರಿಂದ ಗುರುತಿನ ಪತ್ರ ನೋಡಿ ಮನೆಮಾಲೀಕ ಯಾರೆಂದು ತೀರ್ಮಾನಿಸಬಾರದು. ಮಾತುಕತೆಯ ಮೊದಲ ಹಂತದಲ್ಲೇ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ಕೊಡಬಾರದು.

ನಿಜವೋ ಸುಳ್ಳೋ ಎಂದು ತಿಳಿಯಲು ಜರ್ಮನಿಯ ಕಾನೂನೇ ನೆರವಿಗಿದೆ. ಅಲ್ಲಿ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ನೀರು, ಹೀಟಿಂಗ್ ಮುಂತಾದ ಖರ್ಚು ಆ ಮೂಲ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಠೇವಣಿಯನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ, ಮೊದಲ ಕಂತು ಕಟ್ಟಬೇಕಾದ್ದು ಬಾಡಿಗೆ ಅವಧಿ ಶುರುವಾದಾಗ. ವಿದ್ಯಾರ್ಥಿನಿಲಯಗಳು ಕೋಣೆ ಕಾಯ್ದಿರಿಸಲು ಮುಂಗಡ ಕೇಳುವುದುಂಟು. ಆದರೆ ಅವು ವಿಶ್ವವಿದ್ಯಾಲಯದ ಜಾಲತಾಣದ ಮೂಲಕವೇ ತಾಳೆ ನೋಡಬಹುದಾದ ಸಂಸ್ಥೆಗಳು. ಮುಖ ತೋರಿಸದ ಖಾಸಗಿ ವ್ಯಕ್ತಿಯೊಬ್ಬ ಬೀಗದಕೈ ಕೊಡುವ ಮೊದಲೇ ಪೂರ್ತಿ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಬ್ಯಾಂಕ್ ಖಾತೆಯ ಸಂಖ್ಯೆಯನ್ನೂ ನೋಡಿ. ಅದರ ಮೊದಲ ಎರಡು ಅಕ್ಷರ ದೇಶವನ್ನು ಹೇಳುತ್ತವೆ, ಜರ್ಮನಿಯದ್ದಾದರೆ DE. ಮನೆ ಮ್ಯೂನಿಕ್ಕಿನಲ್ಲಿದ್ದು ಖಾತೆ ಬೇರೆ ದೇಶದ್ದಾದರೆ ಅನುಮಾನಿಸಲೇಬೇಕು. DE ಇದೆ ಎಂದ ಮಾತ್ರಕ್ಕೆ ನಂಬಿಬಿಡುವಂತೆಯೂ ಇಲ್ಲ, ಇತರರ ಖಾತೆ ಬಳಸಿ ಹಣ ಎತ್ತುವವರು ಅಲ್ಲೂ ಇದ್ದಾರೆ.

ಇಲ್ಲಿ ಕೂತು ಆ ಮನೆ ನೋಡಲು ಆಗುವುದಿಲ್ಲವಲ್ಲ ಎನ್ನಬಹುದು. ಆಗುತ್ತದೆ. ಫೋಟೊ ಬೇಡ, ಮೊದಲೇ ತೆಗೆದಿಟ್ಟ ವಿಡಿಯೊ ಬೇಡ, ನೇರ ವಿಡಿಯೊ ಕರೆ ಮಾಡಿ ಎನ್ನಿ. ಕರೆ ಬೀದಿಯಿಂದಲೇ ಶುರುವಾಗಲಿ. ಜರ್ಮನಿಯ ಕಟ್ಟಡಗಳ ಹೊರಬಾಗಿಲಲ್ಲಿ ಕರೆಗಂಟೆಗಳ ಸಾಲು ಇರುತ್ತದೆ, ಸಾಮಾನ್ಯವಾಗಿ ಒಂದೊಂದರ ಪಕ್ಕದಲ್ಲೂ ಆ ಮನೆಯಲ್ಲಿರುವವರ ಹೆಸರು. ಬಾಗಿಲಿನ ಸಂಖ್ಯೆ, ಆ ಹೆಸರು, ಅಂಚೆಪೆಟ್ಟಿಗೆ ತೋರಿಸಿ, ಬೀಗ ತೆಗೆದು ಒಳಗೆ ನಡೆಯಲು ಹೇಳಿ. ಮನೆಯಲ್ಲಿ ವಾಸವಿರುವವರಿಗೆ ಇದು ಐದು ನಿಮಿಷದ ಕೆಲಸ, ಮೋಸಗಾರನಿಗೆ ಬಹಳ ಕಷ್ಟ. ಕೋಣೆ ಕೊಡುವವರೇ ಬಾಡಿಗೆಗಿದ್ದರೆ, ಒಳಬಾಡಿಗೆಗೆ ಮಾಲೀಕರು ಕೊಟ್ಟ ಲಿಖಿತ ಒಪ್ಪಿಗೆ ಕೇಳಿ. ಆ ಊರಿನಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯೋ ಕನ್ನಡ ಕೂಟದವರೋ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು.

ಇನ್ನೊಂದು ಪ್ರಶ್ನೆ ಮರೆಯಬಾರದು: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಆಗುತ್ತದೆಯೇ? ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ದೃಢೀಕರಣ ಪತ್ರ ಬೇಕು. ನಿವಾಸ ಪರವಾನಗಿ, ತೆರಿಗೆ ಸಂಖ್ಯೆ ಎಲ್ಲವೂ ಈ ನೋಂದಣಿಯನ್ನು ಹಿಡಿದೇ ನಡೆಯುತ್ತವೆ. ಕೋಣೆ ನಿಜವಾಗಿ ಇದ್ದರೂ ನೋಂದಣಿಗೆ ಅವಕಾಶವಿಲ್ಲ ಎನ್ನುವವರ ಮನೆ ವಿದ್ಯಾರ್ಥಿಗೆ ಒಗ್ಗುವುದಿಲ್ಲ.

ಹಾಗಾದರೆ ಹೊರಡುವ ಮೊದಲು ಹುಡುಕಬೇಕಾದ್ದು ಏನು? ವರ್ಷದ ಮನೆಯಲ್ಲ, ಮೊದಲ ಎರಡು ತಿಂಗಳ ಸೂರು. ರಜೆಗೋ ತರಬೇತಿಗೋ ಊರು ಬಿಟ್ಟು ಹೋಗುವ ವಿದ್ಯಾರ್ಥಿಗಳು ತಮ್ಮ ಕೋಣೆಯನ್ನು ಕೆಲವು ತಿಂಗಳ ಮಟ್ಟಿಗೆ ಬಿಟ್ಟುಕೊಡುವ ಪದ್ಧತಿ ಅಲ್ಲಿ ಚೆನ್ನಾಗಿ ನಡೆಯುತ್ತಿದೆ. ಅಂಥದ್ದೊಂದನ್ನು ಮೇಲೆ ಹೇಳಿದಂತೆ ಪರೀಕ್ಷಿಸಿ ಹಿಡಿದರೆ, ಕಾಯಂ ಕೋಣೆಯನ್ನು ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಆರಿಸಬಹುದು. ಹಂಚಿಕೊಳ್ಳುವ ಮನೆಗಳವರು ಹೊಸಬರನ್ನು ಎದುರು ಕೂರಿಸಿಕೊಂಡು ಮಾತಾಡಿಯೇ ಒಪ್ಪಿಕೊಳ್ಳುವುದು ರೂಢಿ. ಅಲ್ಲಿರುವವರಿಗೆ ಕೋಣೆ ಸುಲಭವಾಗಿ ಸಿಗಲು ಇದೂ ಒಂದು ಕಾರಣ.

ಹಣದ ಲೆಕ್ಕವನ್ನೂ ಹಾಗೆಯೇ ಇಟ್ಟುಕೊಳ್ಳಬೇಕು. ವೀಸಾಕ್ಕೆಂದು ತೆರೆಯುವ ನಿರ್ಬಂಧಿತ ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕಿದ್ದರೂ ಅದು ಅಲ್ಲಿಗೆ ಹೋದ ಮೇಲೆ, ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ಠೇವಣಿಗೂ ಮೊದಲ ಬಾಡಿಗೆಗೂ ಬೇರೆ ಹಣ ಬೇಕು. ಕಷ್ಟಪಟ್ಟು ಹೊಂದಿಸಿದ ಆ ಹಣವೇ ಮೋಸಗಾರನ ಪಾಲಾಗುವುದು.

ಹಣ ಕಳಿಸಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಆ ಗಳಿಗೆಯಲ್ಲೇ ನಿಮ್ಮ ಬ್ಯಾಂಕಿಗೆ ತಿಳಿಸಿ ವರ್ಗಾವಣೆ ತಡೆಯಲು ಕೇಳಿ, 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ಅಲ್ಲಿನವರು ಹಣ ಎತ್ತಿಕೊಂಡ ಮೇಲೆ ವಾಪಸ್ ಬರುವುದು ಅಪರೂಪ.

ಹೆತ್ತವರಲ್ಲಿ ಒಂದು ಮಾತು. ಕಾಯಂ ವಿಳಾಸವಿಲ್ಲದೆ ಮಗುವನ್ನು ಕಳಿಸುವುದು ಹೇಗೆ ಎಂದು ಅವಸರಪಡಿಸಬೇಡಿ. ಎರಡು ತಿಂಗಳ ಖಚಿತ ಕೋಣೆ ಹಿಡಿದು ಹೊರಟವರು ನಿಶ್ಚಿಂತರು. ಮನೆಯನ್ನೂ ಮನುಷ್ಯನನ್ನೂ ನೇರವಾಗಿ ನೋಡುವ ತನಕ ಒಂದು ಯೂರೊ ಕೂಡ ಕಳಿಸಬೇಡಿ.