ಕಕ್ಷಿಗಾರನಿಗೆ ಬೇಡವಾದ ತೀರ್ಪು

ಸತ್ಯವನ್ನು ಹೇಳುತ್ತಲೇ ಒಬ್ಬರನ್ನು ತಪ್ಪುದಾರಿಗೆ ಒಯ್ಯಬಹುದೇ? ದೀಪಾವಳಿಯ ರಜೆಯಲ್ಲಿ ಅಕ್ಕಲಕೋಟೆಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಈ ಪ್ರಶ್ನೆ ನಮ್ಮ ಪಾಲಿಗೆ ಬಂದಿತು. ಸೊಲ್ಲಾಪುರದಲ್ಲಿ ಕಾನೂನು ಓದಿ ಮುಗಿಸಿರುವ ಆಕೆ ಒಂದು ದೊಡ್ಡ ವಕೀಲಸಂಸ್ಥೆಯ ಆಯ್ಕೆಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಅಂಥ ಪರೀಕ್ಷೆಯಲ್ಲಿ ಪ್ರಬಂಧ ಬರೆಯಿಸುವುದಿಲ್ಲ. ಹಿರಿಯ ಪಾಲುದಾರನದೊಂದು ಪತ್ರ, ಕಕ್ಷಿಗಾರನ ಸಂಗತಿಗಳು, ಕಾಯಿದೆಯ ಒಂದೆರಡು ಕಲಮುಗಳು, ಕೆಲವು ತೀರ್ಪುಗಳು ಇವಿಷ್ಟನ್ನು ಒಂದು ಕಟ್ಟಾಗಿ ಕೈಗಿತ್ತು, ಗೊತ್ತಾದ ಹೊತ್ತಿನಲ್ಲಿ ಹಿರಿಯನಿಗೆ ಎರಡು ಮೂರು ಪುಟದ ಟಿಪ್ಪಣಿ ಬರೆ ಎನ್ನುತ್ತಾರೆ. ಬರೆಯುವವನು ಆ ಸಂಸ್ಥೆಯಲ್ಲಿ ಕಿರಿಯ ವಕೀಲನಾಗಿರುವಂತೆ ಭಾವಿಸಿಕೊಂಡು ಬರೆಯಬೇಕು.

ಆಕೆ ಅಭ್ಯಾಸಕ್ಕೆಂದು ಹಿಡಿದ ಪ್ರಶ್ನೆ ನಮ್ಮ ಅಂಗಳದ್ದೇ ಆಗಿತ್ತು. ಅಕ್ಕಲಕೋಟೆ ತಾಲೂಕಿನಲ್ಲಿ ಒಂದು ವಿಶ್ವಸ್ತ ಸಂಸ್ಥೆ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತದೆಯೆಂದು ಕಲ್ಪಿಸಿಕೊಳ್ಳಿರಿ. ಒಂದನೆಯ ತರಗತಿಯಿಂದಲೇ ಮರಾಠಿಯನ್ನು ಒಂದು ವಿಷಯವಾಗಿ ಕಲಿಸಬೇಕೆಂಬುದು ಸರಕಾರದ ವಿಧಿ. ಅದರ ಮೇಲೆ, ಗಣಿತವನ್ನೂ ಮರಾಠಿಯಲ್ಲಿಯೇ ಕಲಿಸಬೇಕೆಂದು ಒಬ್ಬ ಅಧಿಕಾರಿಯ ಪತ್ರವೂ ಬಂದಿದೆ. ಎರಡನ್ನೂ ನಿರಾಕರಿಸಬಹುದೇ ಎಂಬುದು ಶಾಲೆಯವರ ಪ್ರಶ್ನೆ. 'ಆಗುತ್ತದೆ' ಎಂಬುದೇ ಅವರು ಕೇಳಬಯಸುವ ಉತ್ತರ.

ಆಕೆಯ ಮೊದಲ ಬರಹವನ್ನು ಓದಿ ನಾವು ಹಿಗ್ಗಿದೆವು. ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುವ ಸಂವಿಧಾನದ 30ನೆಯ ಅನುಚ್ಛೇದದಿಂದ ಬರಹ ಆರಂಭವಾಗಿತ್ತು. ಅನಂತರ 1956ರ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದ ಬರುತ್ತಿತ್ತು. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯುವಂತೆ ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಮೂರನೆಯ ಪುಟದ ಕೊನೆಯಲ್ಲಿ ಮಾತ್ರ ಒಂದು ಸಾಲು ಇತ್ತು: ಉಷಾ ಮೆಹತಾ ಪ್ರಕರಣದ ತೀರ್ಪು ಬೇರೆ ಸನ್ನಿವೇಶದ್ದು, ಆದುದರಿಂದ ಇಲ್ಲಿಗೆ ಹೊಂದುವುದಿಲ್ಲ. ಆ ಸಾಲನ್ನು ನಾವು ಲಕ್ಷ್ಯವಿಟ್ಟು ಓದಲೇ ಇಲ್ಲ. ಕನ್ನಡ ಗೆದ್ದಿತೆಂಬ ಸಂತೋಷದಲ್ಲಿ "ಚೆನ್ನಾಗಿದೆ" ಎಂದುಬಿಟ್ಟೆವು.

"ಗುರುಗಳೇ, ಆ ತೀರ್ಪನ್ನೂ ಓದಿ ನೋಡಿರಿ," ಎಂದು ಆಕೆಯೇ ಕಟ್ಟನ್ನು ನಮ್ಮ ಮುಂದೆ ಇಟ್ಟಳು. ಅವಳಿಗೆ ಆಗಲೇ ಸಮಾಧಾನವಿರಲಿಲ್ಲವೆಂದು ಕಾಣುತ್ತದೆ.

ಆ ತೀರ್ಪು ಮಹಾರಾಷ್ಟ್ರದ್ದೇ. ಗುಜರಾತಿ ಅಲ್ಪಸಂಖ್ಯಾತರು ನಡೆಸುತ್ತಿದ್ದ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂಬ ನೀತಿಯನ್ನು ಅವರು ಪ್ರಶ್ನಿಸಿದ್ದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನೀತಿಯನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತರ ಹಕ್ಕಿನೊಳಗೆ ಪ್ರಾದೇಶಿಕ ಭಾಷೆಯನ್ನು ಹೊರಗಿಡುವ ಹಕ್ಕು ಅಡಗಿಲ್ಲವೆಂಬುದು ಅದರ ಸಾರ. ಅನಂತರ 2020ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲವು ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನೇ ಮಾಡಿತು. ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನು ದೇಶದ ಇತರ ನ್ಯಾಯಾಲಯಗಳನ್ನೆಲ್ಲ ಬಂಧಿಸುತ್ತದೆಂದು 141ನೆಯ ಅನುಚ್ಛೇದ ಹೇಳುವುದರಿಂದ, ಮೊದಲನೆಯ ಪ್ರಶ್ನೆಯಲ್ಲಿ ನಮ್ಮ ಕಾಲ್ಪನಿಕ ಶಾಲೆಯವರ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿದೆ.

ಸನ್ನಿವೇಶ ಬೇರೆಯೆಂಬ ಮಾತು ಸುಳ್ಳಲ್ಲ. ಅಲ್ಲಿ ಗುಜರಾತಿಗಳು, ಇಂಗ್ಲಿಷ್ ಮಾಧ್ಯಮ. ಇಲ್ಲಿ ಕನ್ನಡಿಗರು, ಮಾತೃಭಾಷೆಯ ಮಾಧ್ಯಮ. ಆದರೆ ಆ ಭೇದವು ತೀರ್ಪಿನ ಕಾರಣವನ್ನು ತಾಗುತ್ತದೆಯೇ? ರಾಜ್ಯವೊಂದರಲ್ಲಿ ನೆಲೆಸಿ ಬಾಳುವವರು ಅಲ್ಲಿನ ಭಾಷೆಯನ್ನು ಕಲಿಯಬೇಕೆನ್ನುವುದು ಅಯುಕ್ತವಲ್ಲವೆಂಬುದು ನ್ಯಾಯಾಲಯದ ಕಾರಣ. ಆ ಕಾರಣ ಅಕ್ಕಲಕೋಟೆಯ ಮಗುವಿಗೂ ಅಷ್ಟೇ ಸಲ್ಲುತ್ತದೆ. ಭೇದವನ್ನು ತೋರಿಸುವುದು ಸರಿಯೇ. ಅದು ದುರ್ಬಲವಾದ ಭೇದವೆಂದೂ ಜೊತೆಗೆ ಬರೆಯಬೇಕು. ಆಕೆ ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟಿದ್ದಳು.

ಆ ಮೂರು ಪುಟದಲ್ಲಿ ಅಸತ್ಯವಾದ ವಾಕ್ಯ ಒಂದೂ ಇರಲಿಲ್ಲ, ತೀರ್ಪಿನ ಹೆಸರೂ ಇತ್ತು. ಆದರೂ ಅದನ್ನು ಪ್ರಾಮಾಣಿಕ ಬರಹವೆನ್ನಲು ನಮಗೆ ಬಾಯಿ ಬರುವುದಿಲ್ಲ. ಹಿರಿಯ ವಕೀಲನು ಎರಡು ವಿಚಾರಣೆಗಳ ನಡುವೆ ಮೊದಲ ಪ್ಯಾರಾವನ್ನಷ್ಟೇ ಓದಿ, ಕಕ್ಷಿಗಾರನಿಗೆ ದೂರವಾಣಿಯಲ್ಲಿ ಮಾತು ಕೊಟ್ಟಾನು. ಅಂಥ ಓದುಗನಿಗೆ ಯಾವುದು ಮೊದಲು ಬಂದಿದೆ, ಯಾವುದು ಕೊನೆಗೆ ಬಂದಿದೆ ಎಂಬುದೂ ಒಂದು ಹೇಳಿಕೆಯೇ. ನ್ಯಾಯಾಲಯದಲ್ಲಿ ವಕೀಲನು ತನ್ನ ಪಕ್ಷವನ್ನು ಬಲವಾಗಿ ಮಂಡಿಸಬಹುದು. ಎದುರು ಪಕ್ಷದ ವಕೀಲನೂ ನ್ಯಾಯಾಧೀಶರೂ ಅಲ್ಲಿದ್ದಾರೆ. ಟಿಪ್ಪಣಿಗೆ ಎದುರುಪಕ್ಷವಿಲ್ಲ. ಅದು ಮನೆಯೊಳಗಿನ ಮಾತು. ಅದನ್ನು ನಂಬಿಯೇ ಹಿರಿಯನು ಹೊರಗೆ ಹೆಜ್ಜೆಯಿಡುತ್ತಾನೆ.

ಇದಕ್ಕೆ ಒಂದು ಒರೆಗಲ್ಲನ್ನು ಆಕೆ ಹೇಳಿದಳು. ನಮಗೆ ಬಹಳ ಹಿಡಿಸಿತು. ಸರಕಾರದ ಪರವಾದ ವಕೀಲಸಂಸ್ಥೆಯ ಕಿರಿಯನು ಇದೇ ಪ್ರಶ್ನೆಗೆ ಟಿಪ್ಪಣಿ ಬರೆದಿದ್ದರೆ, ಕಾನೂನನ್ನು ವಿವರಿಸುವ ಭಾಗ ಹೀಗೆಯೇ ಇರುತ್ತಿತ್ತೇ? ಸಲಹೆಯ ಭಾಗ ಬೇರೆಯಾಗಬಹುದು. ಕಾನೂನಿನ ಭಾಗವೂ ಬೇರೆಯಾದರೆ ಇಬ್ಬರಲ್ಲೊಬ್ಬನ ಆಸೆ ಲೇಖನಿಯನ್ನು ನಡೆಸಿದೆ ಎಂದು ತಿಳಿಯಬೇಕು. ನಮ್ಮ ವಿಷಯದಲ್ಲಿ ಆಸೆ ಅವಳದು ಮಾತ್ರವಲ್ಲ, ನಮ್ಮದೂ ಆಗಿತ್ತು.

ಹಾಗೆಂದು ಕಹಿಯನ್ನೇ ಬರೆಯುವುದೂ ಪ್ರಾಮಾಣಿಕತೆಯಲ್ಲ. ಎರಡನೆಯ ಪ್ರಶ್ನೆಯಲ್ಲಿ ಶಾಲೆಯವರ ನೆಲೆ ಗಟ್ಟಿಯಾಗಿದೆ. ಭಾಷೆಯನ್ನು ವಿಷಯವಾಗಿ ಕಲಿಸುವುದು ಬೇರೆ, ಅದನ್ನೇ ಮಾಧ್ಯಮವಾಗಿ ಹೇರುವುದು ಬೇರೆ. ಪಂಜಾಬಿನ ಡಿ.ಎ.ವಿ. ಕಾಲೇಜಿನ ಪ್ರಕರಣದಲ್ಲಿ ವಿಶ್ವವಿದ್ಯಾಲಯವೊಂದು ಪಂಜಾಬಿಯನ್ನೇ ಏಕೈಕ ಮಾಧ್ಯಮವನ್ನಾಗಿ ವಿಧಿಸಿದ್ದನ್ನು 1971ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಉಷಾ ಮೆಹತಾ ತೀರ್ಪು ಮಾಧ್ಯಮವನ್ನು ಕುರಿತದ್ದಲ್ಲ. ಮೊದಲ ಪ್ರಶ್ನೆಯಲ್ಲಿ ಸೋಲನ್ನು ಬಚ್ಚಿಡಹೋದ ಆಕೆ, ಎರಡನ್ನೂ ಒಂದೇ ವಾದದಲ್ಲಿ ಬೆರೆಸಿ, ಗೆಲ್ಲಬಹುದಾದ ಪ್ರಶ್ನೆಯನ್ನೂ ಮಸಕುಗೊಳಿಸಿದ್ದಳು.

ಇಷ್ಟರ ಮೇಲೂ ಒಂದು ಸಂಗತಿ ಉಳಿದಿತ್ತು. ಶಾಲೆಯನ್ನು ವಿಶ್ವಸ್ತ ಸಂಸ್ಥೆ ನಡೆಸುತ್ತದೆಂದು ಕಟ್ಟಿನಲ್ಲಿತ್ತೇ ಹೊರತು, ಅದನ್ನು ಸ್ಥಾಪಿಸಿದವರು ಯಾರೆಂದು ಇರಲಿಲ್ಲ. 30ನೆಯ ಅನುಚ್ಛೇದದ ಆಶ್ರಯವೆಲ್ಲ ಅಲ್ಪಸಂಖ್ಯಾತರು ತಾವೇ ಸ್ಥಾಪಿಸಿ ನಡೆಸುವ ಸಂಸ್ಥೆಗೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಆ ಆಶ್ರಯವಿಲ್ಲ. ಅಲ್ಲಿ ಮಕ್ಕಳು ಮುಖ್ಯವಾಗಿ ನೆಚ್ಚಬೇಕಾದುದು 'ಪ್ರಯತ್ನಿಸಬೇಕು' ಎನ್ನುವ 350ಎ ಅನುಚ್ಛೇದವನ್ನು. ಅಂಥ ಶಾಲೆಗಳಲ್ಲಿ ಕಲಿಸುವ ನಮ್ಮ ಮಿತ್ರರು ಎಷ್ಟೋ ಜನ ಈ ಭೇದವನ್ನು ಅರಿಯರು; ನಾವೂ ಅಂದಿನವರೆಗೆ ಅರಿತಿರಲಿಲ್ಲ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿ ಹಿಡಿದು ನಿರ್ಣಯಿಸಬೇಕೆಂದು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಹೇಳಿರುವುದರಿಂದ, ಊರಿನ ಸಂತೆಯಲ್ಲಿ ಕನ್ನಡವೇ ತುಂಬಿದ್ದರೂ ಕನ್ನಡಿಗರು ಮಹಾರಾಷ್ಟ್ರದಲ್ಲಿ ಅಲ್ಪಸಂಖ್ಯಾತರೇ. ಅದು ಶಾಲೆಯವರಿಗೆ ಅನುಕೂಲ. ಆದರೆ ಸ್ಥಾಪಕರು ಯಾರೆಂದು ತಿಳಿಯದೆ ಅನುಕೂಲವನ್ನು ಎಣಿಸುವುದು ಬುನಾದಿ ನೋಡದೆ ಮಾಳಿಗೆಗೆ ಗಿಲಾವು ಮಾಡಿದಂತೆ.

ಗೊತ್ತಿಲ್ಲದ ಸಂಗತಿಯನ್ನು ಗೊತ್ತಿಲ್ಲವೆಂದು ಬರೆದರೆ ಪರೀಕ್ಷಕರು ದಡ್ಡಿಯೆಂದು ತಿಳಿಯರೇ ಎಂದು ನಾವು ಕೇಳಿದೆವು. ನಮ್ಮ ಮಕ್ಕಳಿಗೆ ಉತ್ತರಪತ್ರಿಕೆಯಲ್ಲಿ ಏನನ್ನೂ ಖಾಲಿ ಬಿಡಬೇಡಿರೆಂದು ಹೇಳಿಕೊಟ್ಟವರು ನಾವೇ ತಾನೆ. ಆಕೆ ನಕ್ಕು ಸುಮ್ಮನಾದಳು.

ಮರುದಿನ ಆಕೆ ತಿದ್ದಿ ತಂದ ಟಿಪ್ಪಣಿ ಒಂದೂವರೆ ಪುಟವಿತ್ತು. ಮೊದಲ ಸಾಲುಗಳಲ್ಲೇ ಉತ್ತರವಿತ್ತು: ಮರಾಠಿಯನ್ನು ವಿಷಯವಾಗಿ ಕಲಿಸುವುದನ್ನು ನಿರಾಕರಿಸಲಾಗದು, 2004ರ ತೀರ್ಪು ನಮಗೆ ನೇರವಾಗಿ ವಿರುದ್ಧವಾಗಿದೆ, ಗಣಿತದ ಮಾಧ್ಯಮವನ್ನು ಬದಲಿಸುವ ಪತ್ರವನ್ನು ಪ್ರಶ್ನಿಸಲು ಒಳ್ಳೆಯ ಆಧಾರವಿದೆ, ಶಾಲೆಯನ್ನು ಕನ್ನಡಿಗರೇ ಸ್ಥಾಪಿಸಿದ್ದರೆ. ಕೊನೆಯಲ್ಲಿ ಹಿರಿಯನಿಗೆ ಎರಡು ಬೇಡಿಕೆಗಳಿದ್ದವು: ಸಂಸ್ಥೆಯ ಸ್ಥಾಪನಾಪತ್ರದ ಪ್ರತಿ ತರಿಸಬೇಕು; ಆ ಅಧಿಕಾರಿ ಯಾವ ಆದೇಶದ ಬಲದಿಂದ ಪತ್ರ ಬರೆದನೆಂಬುದನ್ನು ಲಿಖಿತವಾಗಿ ಕೇಳಬೇಕು.